ಪ್ಲಸ್ ಯಾವುದು ಅಂತ ಪ್ಲೇಟಿಗೆ ಹೇಗೆ ಗೊತ್ತು?

ಓದುಗರ ಪತ್ರ: “ಸೀಸದ ಬ್ಯಾಟರಿ ಖಾಲಿಯಾದಾಗ ಎರಡೂ ಪ್ಲೇಟುಗಳ ಮೇಲೆ ಒಂದೇ ವಸ್ತು ಕೂರುತ್ತದೆ ಎಂದು ಓದಿದೆ. ಹಾಗಾದರೆ ಚಾರ್ಜ್ ಮಾಡುವಾಗ ಯಾವುದು ಪ್ಲಸ್, ಯಾವುದು ಮೈನಸ್ ಆಗಬೇಕೆಂದು ಅವಕ್ಕೆ ಹೇಗೆ ಗೊತ್ತಾಗುತ್ತದೆ? ಮೊಬೈಲಿನ ಲಿಥಿಯಂ ಬ್ಯಾಟರಿಯಲ್ಲೂ ಹೀಗೇನಾ?”

ಸಂಪಾದಕರ ಉತ್ತರ: ಪ್ಲೇಟುಗಳಿಗೆ ಗೊತ್ತಿರಬೇಕಾಗಿಲ್ಲ. ಅದನ್ನು ತೀರ್ಮಾನಿಸುವುದು ಚಾರ್ಜರ್. ಅದು ಯಾವ ಪ್ಲೇಟಿನಿಂದ ಎಲೆಕ್ಟ್ರಾನ್ ಎಳೆಯುತ್ತದೋ ಅದು ಪ್ಲಸ್, ಯಾವುದಕ್ಕೆ ತಳ್ಳುತ್ತದೋ ಅದು ಮೈನಸ್.

ಮೊದಲು ಖಾಲಿಯಾಗುವುದನ್ನು ನೋಡೋಣ. ಚಾರ್ಜ್ ಆಗಿರುವ ಸೆಲ್ಲಿನ ಮೈನಸ್ ಪ್ಲೇಟಿನಲ್ಲಿ ಸ್ಪಂಜಿನಂಥ ಬೂದು ಸೀಸ ಇರುತ್ತದೆ. ಪ್ಲಸ್ ಪ್ಲೇಟಿನಲ್ಲಿ ಕಡುಕಂದು ಬಣ್ಣದ ಸೀಸದ ಡೈಆಕ್ಸೈಡ್. ನಡುವೆ ಸಲ್ಫ್ಯೂರಿಕ್ ಆಸಿಡ್. ವಿದ್ಯುತ್ ಬಳಸುವಾಗ ಮೈನಸ್ ಪ್ಲೇಟಿನ ಸೀಸದ ಪರಮಾಣು ಎರಡು ಎಲೆಕ್ಟ್ರಾನ್‌ಗಳನ್ನು ಹೊರಗಿನ ತಂತಿಗೆ ಬಿಟ್ಟು, ಆಸಿಡ್‌ನ ಸಲ್ಫೇಟ್ ಜೊತೆ ಸೇರಿ ಸೀಸದ ಸಲ್ಫೇಟ್ ಆಗುತ್ತದೆ. ಆ ಎರಡು ಎಲೆಕ್ಟ್ರಾನ್ ಸುತ್ತಿ ಬಂದು ಪ್ಲಸ್ ಪ್ಲೇಟನ್ನು ಸೇರುತ್ತವೆ. ಅಲ್ಲಿನ ಡೈಆಕ್ಸೈಡ್ ತನ್ನ ಆಕ್ಸಿಜನ್ ಬಿಟ್ಟುಕೊಟ್ಟು, ತಾನೂ ಸೀಸದ ಸಲ್ಫೇಟ್ ಆಗುತ್ತದೆ. ಬಿಟ್ಟ ಆಕ್ಸಿಜನ್ ಆಸಿಡ್‌ನ ಹೈಡ್ರೋಜನ್ ಜೊತೆ ಕೂಡಿ ನೀರಾಗುತ್ತದೆ. ಒಟ್ಟು ಲೆಕ್ಕ ಹೀಗೆ:

Pb + PbO₂ + 2H₂SO₄ ⇌ 2PbSO₄ + 2H₂O

ಬಲಕ್ಕೆ ಹೋದರೆ ಖಾಲಿ, ಎಡಕ್ಕೆ ಬಂದರೆ ಚಾರ್ಜ್. ಇಲ್ಲಿ ಆಸಿಡ್ ಸುಮ್ನೆ ನಿಂತಿರುವ ದ್ರವ ಅಲ್ಲ, ಅದೂ ಖರ್ಚಾಗುತ್ತದೆ. ಒಂದು ಆಂಪಿಯರ್-ಅವರ್ ತೆಗೆದರೆ ಒಂದು ಸೆಲ್ಲಿನಲ್ಲಿ ಸುಮಾರು 3.7 ಗ್ರಾಂ ಆಸಿಡ್ ಹೋಗುತ್ತದೆ. 40 ಆಂಪಿಯರ್-ಅವರ್ ತೆಗೆದರೆ ಹೆಚ್ಚುಕಡಿಮೆ 146 ಗ್ರಾಂ, ಬದಲಿಗೆ 27 ಗ್ರಾಂ ನೀರು ಹುಟ್ಟುತ್ತದೆ. ದ್ರವದ ಸಾಂದ್ರತೆಯನ್ನು ನೀರಿಗೆ ಹೋಲಿಸಿ ತೋರಿಸುವ ಹೈಡ್ರೋಮೀಟರ್ ಹಾಕಿದಾಗ ತುಂಬಿದ ಸೆಲ್ಲಿನಲ್ಲಿ 1.28ರ ಆಸುಪಾಸು ಇದ್ದದ್ದು ಖಾಲಿಯಾದಾಗ 1.12ರ ಹತ್ತಿರ ಇಳಿಯುವುದು ಇದಕ್ಕೇ.

ಈಗ ನಿಮ್ಮ ಪ್ರಶ್ನೆ. ಎರಡೂ ಕಡೆ ಸಲ್ಫೇಟ್ ಇದೆ. ಅದರೊಳಗಿನ ಸೀಸ ಎರಡು ಎಲೆಕ್ಟ್ರಾನ್ ಪಡೆದರೆ ಮತ್ತೆ ಲೋಹದ ಸೀಸ. ಇನ್ನೆರಡು ಕಳೆದುಕೊಂಡರೆ, ನೀರಿನಿಂದ ಆಕ್ಸಿಜನ್ ತೆಗೆದುಕೊಂಡು ಡೈಆಕ್ಸೈಡ್. ಎರಡೂ ದಾರಿ ತೆರೆದೇ ಇವೆ. 1859ರಲ್ಲಿ ಫ್ರಾನ್ಸಿನ ವಿಜ್ಞಾನಿ ಗಸ್ಟನ್ ಪ್ಲಾಂಟೆ ಮೊದಲ ಸೀಸದ ಬ್ಯಾಟರಿ ಮಾಡಿದ್ದೂ ಹೀಗೆಯೇ. ಎರಡೂ ಬರೀ ಸೀಸದ ತಗಡುಗಳು! ಆಸಿಡ್‌ನಲ್ಲಿಟ್ಟು ಕರೆಂಟ್ ಹಾಯಿಸಿದಾಗ ಒಂದರ ಮೇಲೆ ಡೈಆಕ್ಸೈಡ್ ಬೆಳೆಯಿತು.

ಹಾಗಂತ ಇಂದಿನ ಬ್ಯಾಟರಿಯನ್ನು ತಿರುಗಾಮುರುಗಾ ಚಾರ್ಜ್ ಮಾಡಬೇಡಿ. ಪೂರ್ತಿ ಬರಿದಾದ ಬ್ಯಾಟರಿ ಉಲ್ಟಾ ಚಾರ್ಜ್ ಆಗಲೂಬಹುದು, ಆದರೆ ಅದರ ಕೆಲಸ ಕೆಟ್ಟಿರುತ್ತದೆ. ಈಗ ಎರಡು ಪ್ಲೇಟುಗಳನ್ನು ಬೇರೆ ಬೇರೆಯಾಗಿ ತಯಾರಿಸುತ್ತಾರೆ. ಮೈನಸ್ ಪ್ಲೇಟಿಗೆ ಬೇರಿಯಂ ಸಲ್ಫೇಟ್ ಬೆರೆಸಿರುತ್ತಾರೆ. ಅದರ ಹರಳು ಸೀಸದ ಸಲ್ಫೇಟಿನ ಹರಳನ್ನೇ ಹೋಲುವುದರಿಂದ, ಸಲ್ಫೇಟ್ ಅದರ ಸುತ್ತ ಸಣ್ಣ ಸಣ್ಣ ಕಣಗಳಾಗಿ ಕೂರುತ್ತದೆ. ಸಣ್ಣ ಕಣ ಬೇಗ ಕರಗಿ ಚಾರ್ಜ್ ತೆಗೆದುಕೊಳ್ಳುತ್ತದೆ. ಬ್ಯಾಟರಿಯನ್ನು ಖಾಲಿಯಾಗಿಯೇ ವಾರಗಟ್ಟಲೆ ಬಿಟ್ಟರೆ ಈ ಕಣಗಳು ಕೂಡಿಕೊಂಡು ದಪ್ಪ ಹರಳಾಗುತ್ತವೆ. ಆಮೇಲೆ ಚಾರ್ಜಿಗೆ ಹಾಕಿದರೆ ವೋಲ್ಟೇಜ್ ಬೇಗನೆ ಮೇಲೇರುತ್ತದೆ, ಗುಳ್ಳೆಗಳೂ ಏಳುತ್ತವೆ, ಆದರೆ ಹೈಡ್ರೋಮೀಟರ್ ಮೇಲೆ ಬರುವುದಿಲ್ಲ. ಕರೆಂಟು ಸಲ್ಫೇಟನ್ನು ಬಿಟ್ಟು ನೀರನ್ನು ಒಡೆಯುತ್ತಿದೆ ಎಂದರ್ಥ.

ಲಿಥಿಯಂ ಸೆಲ್ಲಿನ ಕತೆ ಬೇರೆ. ಅಲ್ಲಿ ಎರಡು ಕಡೆಯೂ ಒಂದೇ ವಸ್ತು ಆಗುವುದೇ ಇಲ್ಲ. ಮೈನಸ್ ಕಡೆ ಗ್ರಾಫೈಟ್, ಪ್ಲಸ್ ಕಡೆ, ಉದಾಹರಣೆಗೆ, ಲಿಥಿಯಂ ಕೋಬಾಲ್ಟ್ ಆಕ್ಸೈಡ್. ಎರಡೂ ಪದರ ಪದರವಾಗಿವೆ. ಬಳಸುವಾಗ ಗ್ರಾಫೈಟ್ ಪದರದಲ್ಲಿದ್ದ ಲಿಥಿಯಂ, ಎಲೆಕ್ಟ್ರಾನನ್ನು ತಂತಿಗೆ ಬಿಟ್ಟು, ಅಯಾನಾಗಿ ದ್ರವವನ್ನು ದಾಟಿ ಆಕ್ಸೈಡಿನ ಪದರಕ್ಕೆ ನುಗ್ಗುತ್ತದೆ. ತಂತಿಯಲ್ಲಿ ಬಂದ ಎಲೆಕ್ಟ್ರಾನನ್ನು ಅಲ್ಲಿನ ಕೋಬಾಲ್ಟ್ ತೆಗೆದುಕೊಳ್ಳುತ್ತದೆ. ಚಾರ್ಜ್ ಮಾಡಿದರೆ ಲಿಥಿಯಂ ಹಿಂದಕ್ಕೆ. ದ್ರವ ಬರೀ ದಾರಿ, ಈ ಓಡಾಟದಲ್ಲಿ ಅದು ಖರ್ಚಾಗುವುದಿಲ್ಲ. ಹಾಗಾಗಿ ಹೈಡ್ರೋಮೀಟರಿಗೆ ಇಲ್ಲಿ ಕೆಲಸವಿಲ್ಲ.

ಒಂದು ತಮಾಷೆ ಇದೆ. ಈ ಸೆಲ್ ಕಾರ್ಖಾನೆಯಲ್ಲಿ ಹುಟ್ಟುವುದೇ ಖಾಲಿಯಾಗಿ. ಲಿಥಿಯಂ ಎಲ್ಲಾ ಆಕ್ಸೈಡಿನಲ್ಲೇ ಇರುತ್ತದೆ, ಗ್ರಾಫೈಟ್ ಬರಿದು. ಮೊದಲ ಚಾರ್ಜಿನಲ್ಲಿ ಲಿಥಿಯಂ ಬಂದು ಗ್ರಾಫೈಟ್ ಸೇರುವಾಗ ದ್ರವದ ಸ್ವಲ್ಪ ಭಾಗ ಒಡೆದು ಅದರ ಮೇಲೆ ತೆಳು ಪೊರೆ ಕಟ್ಟುತ್ತದೆ. ಅದರಲ್ಲಿ ಒಂದಿಷ್ಟು ಲಿಥಿಯಂ ಸಿಕ್ಕಿಬಿದ್ದು ಶಾಶ್ವತವಾಗಿ ಹೋಗುತ್ತದೆ. ಆದರೆ ಈ ಪೊರೆ ಇಲ್ಲದಿದ್ದರೆ ದ್ರವ ಒಡೆಯುತ್ತಲೇ ಇರುತ್ತಿತ್ತು. ಚಳಿಯಲ್ಲಿ ಜೋರಾಗಿ ಚಾರ್ಜ್ ಮಾಡಿದರೆ ಲಿಥಿಯಂ ಪದರದೊಳಗೆ ಹೋಗಲು ಪುರುಸೊತ್ತಿಲ್ಲದೆ ಗ್ರಾಫೈಟಿನ ಮೇಲೆಯೇ ಲೋಹವಾಗಿ ಕೂರುತ್ತದೆ. ಅದು ಅಪಾಯದ ವಿಷಯ.

ಇದನ್ನು ಉಲ್ಟಾ ಚಾರ್ಜ್ ಮಾಡಿದರೆ? ಸೀಸದಲ್ಲಿದ್ದ ಆ ಸಾಧ್ಯತೆ ಇಲ್ಲಿಲ್ಲ. ಗ್ರಾಫೈಟಿನಲ್ಲಿ ಕೊಡಲು ಲಿಥಿಯಂ ಉಳಿದಿಲ್ಲ, ಆದರೂ ಚಾರ್ಜರ್ ಎಲೆಕ್ಟ್ರಾನ್ ಎಳೆಯುತ್ತಲೇ ಇರುತ್ತದೆ. ಆಗ ಗ್ರಾಫೈಟ್ ಹಚ್ಚಿರುವ ತಾಮ್ರದ ಹಾಳೆಯೇ ಕರಗತೊಡಗುತ್ತದೆ. ಕರಗಿದ ತಾಮ್ರ ಬೇರೆಡೆ ಹೋಗಿ ಕೂತು ಒಳಗೇ ಶಾರ್ಟ್ ಮಾಡಬಹುದು. ಸೆಲ್ಲನ್ನು ತೀರಾ ಬರಿದು ಮಾಡಿದರೂ ಇದೇ ಗತಿ. ವೋಲ್ಟೇಜ್ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಮೊಬೈಲಿನೊಳಗಿನ ಸರ್ಕ್ಯೂಟ್ ಬ್ಯಾಟರಿಯ ಸಂಪರ್ಕ ಕಡಿದುಹಾಕುವುದು ಅದಕ್ಕೇ.