ಬಿಲ್‌ನ ತಲೆಯಲ್ಲಿ ಇನ್‌ವಾಯ್ಸ್ ನಂಬರ್ ಯಾವುದು?

"ಭೋಸರಿಯ ಸಪ್ಲಾಯರ್ ಬಿಲ್ ಮೇಲೆ 4521, DC-402, SE/24-25/731 ಅಂತ ಮೂರು ನಂಬರ್ ಇವೆ, ರೆಫರೆನ್ಸ್ ಖಾಲಿ. ಯಾವುದನ್ನು ಎಂಟ್ರಿ ಮಾಡಲಿ?"

SE/24-25/731 ಹಾಕಿ ಸರ್. ವರ್ಷ ಸೇರಿಸಿದ ಕ್ರಮಸಂಖ್ಯೆ ಸಾಮಾನ್ಯವಾಗಿ ಇನ್‌ವಾಯ್ಸ್‌ನದೇ. ಆದರೆ ಚಲನ್‌ಗೂ ಕೆಲವರು ವರ್ಷ ಹಾಕುತ್ತಾರೆ, ಹಾಗಾಗಿ ರೂಪ ನೋಡಿ ಸುಮ್ನೆ ನಂಬಬೇಡಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ನಿಮ್ಮ GSTR-2B, ಅಂದರೆ ಸಪ್ಲಾಯರ್‌ಗಳು ನಿಮ್ಮ ಹೆಸರಿಗೆ ತೋರಿಸಿದ ಬಿಲ್‌ಗಳ ಪಟ್ಟಿ ತೆರೆದು, ಅದೇ ಸಪ್ಲಾಯರ್, ಅದೇ ಮೊತ್ತದ ಸಾಲಿನಲ್ಲಿರುವ ನಂಬರ್ ಹೊಂದಿಸಿ.

4521 ನಿಮ್ಮದೇ ಪರ್ಚೇಸ್ ಆರ್ಡರ್ ಇರಬೇಕು, ನಿಮ್ಮ ಫೈಲಿನಲ್ಲೇ ಸಿಗುತ್ತದೆ. DC ಅಂದರೆ ಡೆಲಿವರಿ ಚಲನ್, ಮಾಲಿನ ಜೊತೆ ಬಂದದ್ದು. ಎರಡು ಚಲನ್‌ಗೆ ಒಂದೇ ಬಿಲ್ ಬರುವುದುಂಟು. ಆಗ ಚಲನ್ ನಂಬರ್ ಹಾಕಿದರೆ ಅದೇ ಬಿಲ್ ಎರಡು ಸಲ ಎಂಟ್ರಿಯಾದರೂ ಸಾಫ್ಟ್‌ವೇರ್ ಹಿಡಿಯುವುದಿಲ್ಲ, ಹಣ ಎರಡು ಸಲ ಹೋಗಬಹುದು. ರೆಫರೆನ್ಸ್ ಖಾಲಿಯಿದ್ದರೆ ತೊಂದರೆಯಿಲ್ಲ.