ಗಂಡನಿಗೆ ಒಗ್ಗಿದ ವಿಂಡೋ ಹೆಂಡತಿಗೆ ಒಗ್ಗಲಿಲ್ಲ

ಈ ಪ್ರಕರಣವನ್ನು ಬರೆಯಲು ಕಾರಣ ನನ್ನದೇ ಒಂದು ಮರೆವು. ಡೊಂಬಿವಲಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ, ಬಾಗಲಕೋಟೆ ಕಡೆಯ ಒಬ್ಬರು ತೂಕ ಇಳಿಸಬೇಕೆಂದು ನನ್ನ ಬಳಿ ಬಂದಿದ್ದರು. ಹದಿನಾರು ಗಂಟೆ ಉಪವಾಸ, ಎಂಟು ಗಂಟೆಯೊಳಗೆ ಊಟ ಎಂಬ ಕ್ರಮ ತಮಗೆ ಆಗುತ್ತದೆಯೇ ಎಂದು ಕೇಳಿದರು. ಸಕ್ಕರೆ ಕಾಯಿಲೆ ಇಲ್ಲ, ಬೇರೆ ಔಷಧಿ ಇಲ್ಲ. ಆಗುತ್ತದೆ, ಮಧ್ಯಾಹ್ನ ಒಂದರಿಂದ ರಾತ್ರಿ ಒಂಬತ್ತು ಇಟ್ಟುಕೊಳ್ಳಿ ಎಂದೆ. ಉಣ್ಣುವ ಆ ಎಂಟು ಗಂಟೆಗೇ ವಿಂಡೋ ಎನ್ನುವುದು. ಮನೆಯಲ್ಲಿ ಬೇರೆ ಯಾರು ಇದನ್ನು ಶುರು ಮಾಡಬಹುದು, ಅವರು ಯಾವ ಮಾತ್ರೆ ನುಂಗುತ್ತಾರೆ ಎಂದು ಕೇಳಲಿಲ್ಲ. ಮೂರು ತಿಂಗಳ ನಂತರ ಅವರ ಹೆಂಡತಿ ಬಂದಾಗ, ಕೇಳಬೇಕಿತ್ತು ಅನ್ನಿಸಿತು. ಆಕೆಯನ್ನು ಇಲ್ಲಿ ಶಾಂತಕ್ಕ ಎಂದು ಕರೆಯುತ್ತೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆ ಇದೆ.

ಶಾಂತಕ್ಕನಿಗೆ 47 ವರ್ಷ, ತೂಕ 68 ಕಿಲೋ, ಎತ್ತರ ಐದು ಅಡಿ. ಮುಂಬಯಿಯ ಫೋರ್ಟ್‌ನಲ್ಲಿ ನೌಕರಿ. ಆರು ವರ್ಷದಿಂದ ಸಕ್ಕರೆ ಕಾಯಿಲೆ, ಅದಕ್ಕೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್. ಗಂಡ ಆ ಮೂರು ತಿಂಗಳಲ್ಲಿ 84ರಿಂದ 79ಕ್ಕೆ ಇಳಿದಿದ್ದರು. ಅವರು ಇಳಿಯುತ್ತಿರುವುದನ್ನು ಕಂಡು ಆಕೆಯೂ ಹನ್ನೆರಡರಿಂದ ಎಂಟರ ವಿಂಡೋ ಹಿಡಿದಿದ್ದರು. ತೂಕ ಒಂದು ಕಿಲೋ ಏರಿತ್ತು. ಜೊತೆಗೆ ಒಂದು ಬೆಳಿಗ್ಗೆ ಲೋಕಲ್‌ನ ಹೆಂಗಸರ ಡಬ್ಬಿಯಲ್ಲಿ ಘಾಟ್‌ಕೋಪರ್ ದಾಟುವಷ್ಟರಲ್ಲಿ ಕೈ ನಡುಗಿ, ಬೆವರಿ, ಕಣ್ಣಿಗೆ ಮಂಜು ಕವಿದಿತ್ತು. ಪಕ್ಕದಲ್ಲಿದ್ದ ಹುಡುಗಿ ಬಿಸ್ಕತ್ತು ಕೊಟ್ಟರೆ, ಉಪವಾಸ ಮುರಿಯುತ್ತದೆ ಎಂದು ಬೇಡವೆಂದರಂತೆ. ಆಫೀಸಿನ ಹತ್ತಿರ ಸಕ್ಕರೆ ನೋಡಿಸಿಕೊಂಡಾಗ 58 ಇತ್ತು. 70ಕ್ಕಿಂತ ಕೆಳಗೆ ಹೋದರೆ ಅದು ಅಪಾಯದ ಗೆರೆ.

ಮೊದಲು ಆ ವಿಷಯ ಮುಗಿಸಿದೆ. ಗ್ಲಿಮೆಪಿರೈಡ್ ಕೆಲಸ ಮಾಡುವ ರೀತಿ ಸರಳ: ನೀವು ಉಂಡಿರಲಿ, ಉಣ್ಣದಿರಲಿ, ಅದು ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುತ್ತದೆ. ಅದಕ್ಕೇ ಅದನ್ನು ದಿನದ ಮೊದಲ ಊಟದೊಂದಿಗೆ ನುಂಗಲು ಹೇಳುವುದು. ಶಾಂತಕ್ಕ ನಾಷ್ಟಾ ಬಿಟ್ಟು ಮೊದಲ ಊಟವನ್ನು ಹನ್ನೆರಡಕ್ಕೆ ತಳ್ಳಿದ್ದರು, ಮಾತ್ರೆಯನ್ನು ಏಳಕ್ಕೇ ನುಂಗುತ್ತಿದ್ದರು. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಹೀಗಾಗುವ ಸಂಭವ ಬಹಳ ಕಡಿಮೆ. ನಾನು ಆಹಾರ ಸಲಹೆಗಾರ್ತಿ, ವೈದ್ಯಳಲ್ಲ. ಆ ದಿನವೇ ಅವರ ಡಾಕ್ಟರಿಗೆ ಚೀಟಿ ಬರೆದುಕೊಟ್ಟು, ಮರುದಿನದಿಂದಲೇ ಮಾತ್ರೆಯ ಜೊತೆ ನಾಷ್ಟಾ ಆಗಲೇಬೇಕು ಎಂದೆ. ಮತ್ತೆ ನಡುಕ ಬಂದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಸಕ್ಕರೆ ನೋಡಿ, ಆಗ ಯಾವ ಉಪವಾಸವನ್ನೂ ನೆನೆಯಬೇಡಿ ಎಂದು ಬರೆಸಿದೆ.

ತೂಕ ಏರಿದ್ದು ಯಾಕೆ ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ. ಮೊದಲ ಭೇಟಿಯಲ್ಲಿ ಆಕೆ ಬರೆದು ತಂದ ಪಟ್ಟಿ ಚೊಕ್ಕವಾಗಿತ್ತು. ಹನ್ನೆರಡಕ್ಕೆ ಡಬ್ಬಿ, ಎಂಟರೊಳಗೆ ಎರಡು ರೊಟ್ಟಿ, ಪಲ್ಯ, ಬೇಳೆ. ಇಷ್ಟರಲ್ಲಿ ತೂಕ ಏರುವುದಿಲ್ಲ.

ಎರಡನೆಯ ಭೇಟಿಯಲ್ಲಿ ಅದೇ ಪಟ್ಟಿ ಹಿಡಿದು ಮತ್ತೆ ಮತ್ತೆ ಕೇಳುತ್ತಿದ್ದೆ. ರೊಟ್ಟಿ ಎಷ್ಟು ದಪ್ಪ, ಬೇಳೆಗೆ ಒಗ್ಗರಣೆ ಎಷ್ಟು. ಶಾಂತಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ನಾ ಏನ್ ತಿಂತೀನಿ ಅಂತ ಕೇಳಬ್ಯಾಡ್ರಿ ಮೇಡಂ. ಹೆಂಗ ತಿಂತೀನಿ ಅಂತ ಕೇಳ್ರಿ.”

ಹೇಳ್ರಿ ಎಂದೆ.

“ಏಳೂಕಾಲಕ್ಕ ಮನಿ ಮುಟ್ಟತೀನಿ. ಎಂಟಕ್ಕ ಬಂದ್. ಚಪ್ಪಲಿ ಬಿಡೂದರಾಗs ಮನಸಿನ್ಯಾಗ ಗಡಿಯಾರ ಓಡತೈತಿ. ರೊಟ್ಟಿ ಬಡೀಕೋತ ಶೇಂಗಾ ಬಾಯಾಗ ಹಾಕ್ಕೋತೀನಿ, ಬೆಲ್ಲ ಮುರಕೋತೀನಿ, ಮುಂಜಾನಿ ಉಳಿದ ಚಪಾತಿ ತುಪ್ಪ ಹಚ್ಚಿ ನಿಂತಕೊಂಡs ತಿಂತೀನಿ. ಆಮ್ಯಾಲೆ ಊಟಾ. ಎಂಟರ ಮ್ಯಾಲೆ ನಾಳೆ ಹನ್ನೆರಡರ ತನಕಾ ಏನೂ ಸಿಗಂಗಿಲ್ಲ ಅಂತ ಹೆದರಿಕಿ ಆಗತೈತ್ರಿ. ಶ್ರಾವಣ ಸೋಮವಾರ ಒಪ್ಪತ್ತು ಮಾಡಿದಾಕಿ ನಾ. ಆವಾಗ ಹಿಂಗ ಹೆದರಿಕಿ ಆಗಿರಲಿಲ್ಲ.”

ಇದನ್ನು ಹೇಳುವಾಗ ಆಕೆಯ ಕಣ್ಣು ತುಂಬಿತ್ತು. ನಾಚಿಕೆಯಿಂದ ಆ ನಿಂತ ಊಟವನ್ನು ಪಟ್ಟಿಗೆ ಸೇರಿಸಿರಲಿಲ್ಲ.

ಇಬ್ಬರೂ ಕುಳಿತು ಅಳತೆ ಹಾಕಿದೆವು. ಕ್ಲಿನಿಕ್ಕಿನ ತಕ್ಕಡಿಯಲ್ಲಿ ಆಕೆಯದೇ ಮುಷ್ಟಿಯ ಶೇಂಗಾ ತೂಗಿದರೆ 30 ಗ್ರಾಂ, ಅಂದರೆ ಸುಮಾರು 170 ಕ್ಯಾಲರಿ. ಅಂಥ ಎರಡು ಮುಷ್ಟಿ, ಒಂದು ತುಂಡು ಬೆಲ್ಲ, ತುಪ್ಪ ಹಚ್ಚಿದ ಚಪಾತಿ ಸೇರಿದರೆ 500 ದಾಟುತ್ತದೆ. ಇದೆಲ್ಲ ಊಟಕ್ಕೆ ಮೊದಲು. ವಿಂಡೋಗಾಗಿ ಆಕೆ ಬಿಟ್ಟದ್ದೇನು? ಒಂದು ಜೋಳದ ರೊಟ್ಟಿ, ಪಲ್ಯ, ಒಂದು ಬಟ್ಟಲು ಮೊಸರಿನ ನಾಷ್ಟಾ. ಅದು 300ರ ಆಸುಪಾಸು, ಮತ್ತು ದಿನದಲ್ಲಿ ಆಕೆ ಕುಳಿತು, ಸಮಾಧಾನದಿಂದ, ಸರಿಯಾದ ಅಳತೆಯಲ್ಲಿ ಉಣ್ಣುತ್ತಿದ್ದ ಊಟ ಅದೊಂದೇ.

ಗಂಡನ ಲೆಕ್ಕ ಇದಕ್ಕೆ ಪೂರಾ ಉಲ್ಟಾ. ಅವರ ದಿನದ ಹೆಚ್ಚುವರಿ ತಿನಿಸೆಲ್ಲ ವಿಂಡೋದ ಹೊರಗಿನ ಗಂಟೆಗಳಲ್ಲೇ ಇತ್ತು. ಬೆಳಗಿನ ಸಕ್ಕರೆ ಚಹಾ ಎರಡು, ಅಂಗಡಿ ತೆರೆದ ಮೇಲೆ ಒಂದು ವಡಾಪಾವ್, ರಾತ್ರಿ ಹನ್ನೊಂದಕ್ಕೆ ಟಿವಿ ಮುಂದೆ ಫರ್ಸಾಣ್. ಗಂಟೆ ಹೋಯಿತು, ತಿನಿಸೂ ಹೋಯಿತು. ಮಧ್ಯಾಹ್ನ ತುಸು ಹೆಚ್ಚು ಉಂಡರೂ ದಿನಕ್ಕೆ 400–500 ಕ್ಯಾಲರಿ ಕಡಿಮೆಯಾಗಿರಬೇಕು. ಮೂರು ತಿಂಗಳಲ್ಲಿ ಐದು ಕಿಲೋ ಇಳಿದದ್ದು ಅದಕ್ಕೆ ಸರಿಯಾಗಿ ಕೂಡುತ್ತದೆ. ಒಂದು ಕಿಲೋ ಕೊಬ್ಬೆಂದರೆ ಸುಮಾರು 7,700 ಕ್ಯಾಲರಿ.

ಇದನ್ನು ಕೇಳಿದವರು, ನಿಮ್ಮಂಥವರಿಗೆ ಉಪವಾಸ ಸೇರುವುದಿಲ್ಲ, ದಿನಾ ಕ್ಯಾಲರಿ ಎಣಿಸಿದರಷ್ಟೇ ನಿಮ್ಮ ವೃತ್ತಿ ನಡೆಯುತ್ತದೆ ಎನ್ನುತ್ತಾರೆ. ಹಾಗಲ್ಲ. ಗಂಡನಿಗೆ ವಿಂಡೋ ಹೇಳಿದವಳೇ ನಾನು. ಆದರೆ ಉಪವಾಸದ ಗಂಟೆಗಳಿಗೆ ಕೊಬ್ಬು ಕರಗಿಸುವ ಬೇರೆ ಶಕ್ತಿ ಇದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಚೀನಾದ ಗುವಾಂಗ್‌ಝೌನಲ್ಲಿ ಬೊಜ್ಜಿದ್ದ 139 ಮಂದಿಯನ್ನು ಒಂದು ವರ್ಷ ನೋಡಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಎರಡು ಗುಂಪಿಗೂ ಒಂದೇ ಕ್ಯಾಲರಿ ಮಿತಿ. ಒಂದು ಗುಂಪು ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ಮಾತ್ರ ಉಣ್ಣಬೇಕಿತ್ತು. ವಿಂಡೋ ಇದ್ದವರು ಸರಾಸರಿ 8 ಕಿಲೋ ಇಳಿದರು, ಇಲ್ಲದವರು 6.3. ಈ ಅಂತರ ಆಕಸ್ಮಿಕವಲ್ಲ ಎಂದು ಹೇಳುವಷ್ಟು ದೊಡ್ಡದಾಗಿರಲಿಲ್ಲ. ಮರುವರ್ಷ ಶಿಕಾಗೋದ ಅಧ್ಯಯನವೊಂದು ಬೇರೆ ಪ್ರಶ್ನೆ ಕೇಳಿತು: ಎಣಿಸದೆ ಬರೀ ಹನ್ನೆರಡರಿಂದ ಎಂಟರ ವಿಂಡೋ ಪಾಲಿಸಿದರೆ? ದಿನಕ್ಕೆ ಕಾಲು ಭಾಗ ಕ್ಯಾಲರಿ ಕಡಿತ ಮಾಡಿದವರಷ್ಟೇ ಸರಿಸುಮಾರು ಅವರೂ ಇಳಿದರು, ಏಕೆಂದರೆ ಅವರು ತಿನ್ನುವುದೂ ತಾನಾಗಿ ಕಡಿಮೆಯಾಗಿತ್ತು. ಎಣಿಸಲು ಬೇಸರಪಡುವವರಿಗೆ ಇದು ನಿಜವಾದ ಅನುಕೂಲ, ಅಲ್ಲಗಳೆಯುವುದಿಲ್ಲ. ಆದರೆ ತಿನ್ನುವುದು ಕಡಿಮೆಯಾಗದೆ ಬರೀ ಹೊತ್ತು ಸರಿದರೆ ಏನೂ ಸಿಗುವುದಿಲ್ಲ. ಶಾಂತಕ್ಕನ ಮನೆಯಲ್ಲಿ ಆದದ್ದು ಅದೇ.

ಆಕೆಗೆ ನಾನು ವಿಂಡೋ ಪೂರ್ತಿ ಬಿಡಿಸಿದೆ. ಹತ್ತರಿಂದ ಆರಕ್ಕೆ ಸರಿಸಿ ನೋಡಬಹುದಿತ್ತಲ್ಲ ಎಂದು ಜೊತೆಗೆ ಕೆಲಸ ಮಾಡುವವರು ಕೇಳಿದರು. ಹೊತ್ತು ಯಾವುದಾದರೇನು, ಮುಚ್ಚುವ ಬಾಗಿಲನ್ನು ಕಂಡು ಹೆದರಿ ತಿನ್ನುವವರಿಗೆ ಇನ್ನೊಂದು ಬಾಗಿಲು ಕೊಡುವುದು ನನಗೆ ಸರಿ ಕಾಣಲಿಲ್ಲ. ಗಬಗಬನೆ ಮಿತಿ ಮೀರಿ ತಿಂದು ಆಮೇಲೆ ಮರುಗುವ ಚಾಳಿ ಇದ್ದವರಿಗೆ, ಬೆಳೆಯುವ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ, ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರಿಗೆ ಡಾಕ್ಟರನ್ನು ಕೇಳದೆ ವಿಂಡೋ ಹೇಳುವುದನ್ನು ನಾನು ಬಿಟ್ಟಿದ್ದೇನೆ.

ಹಾಗೆಂದು ಆಪ್ ಹಾಕಿ ಎಣಿಸಿ ಎಂದೂ ಹೇಳಲಿಲ್ಲ. ನಾಲ್ಕು ಜನಕ್ಕೆ ಒಂದೇ ಪಾತ್ರೆಯಲ್ಲಿ ಬೇಯಿಸುವ ಅಡಿಗೆಯಲ್ಲಿ ತನ್ನ ಪಾಲಿನ ಕ್ಯಾಲರಿ ಹುಡುಕುವ ಹೆಂಗಸು ಎರಡು ವಾರಕ್ಕೆ ಸೋಲುತ್ತಾಳೆ. ಸಾಲದ್ದಕ್ಕೆ ಬರೆಯಲು ನಾಚುವ ತುತ್ತು ಆಪ್‌ಗೂ ಬರುವುದಿಲ್ಲ. ಅದಕ್ಕೆ ಅಳೆಯುವ ಜಾಗ ಬದಲಿಸಿದೆ. ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆ ಬರುತ್ತಿತ್ತು. ಎರಡೂವರೆ ಲೀಟರ್ ಡಬ್ಬಿಗೆ ಹಾಕಿ, ತಿಂಗಳು ಅದರಲ್ಲೇ ನಡೆಯಬೇಕು ಎಂದೆ. ಇಷ್ಟರಿಂದಲೇ ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು ನೂರು ಕ್ಯಾಲರಿ ಇಳಿಯುತ್ತದೆ. ಬೆಳಿಗ್ಗೆ ಏಳು ಗಂಟೆಗೆ, ಹಿಂದೆ ಉಣ್ಣುತ್ತಿದ್ದ ನಾಷ್ಟಾವೇ ಮರಳಿ ಬರಲಿ. ಸಂಜೆ ಐದೂವರೆಗೆ, ಲೋಕಲ್ ಹತ್ತುವ ಮೊದಲು, ಒಂದು ಮುಷ್ಟಿ ಪುಟಾಣಿ ಮತ್ತು ಮಜ್ಜಿಗೆ, ಯಾಕೆಂದರೆ ಹಸಿದು ಮನೆ ಹೊಕ್ಕರೆ ಶೇಂಗಾ ಡಬ್ಬಿಯೇ ಮೊದಲು ಕೈಗೆ ಸಿಗುವುದು. ಆ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿ. ರಾತ್ರಿ ಎಂಟೂವರೆಯಾದರೂ ಚಿಂತೆಯಿಲ್ಲ, ಕುಳಿತು ಒಂದೂವರೆ ರೊಟ್ಟಿ, ಮೊಳಕೆ ಕಾಳಿನ ಉಸಳಿ, ಮೊಸರು. ಕಾಳು, ಮೊಸರಿಗೆ ಒತ್ತು ಕೊಟ್ಟದ್ದಕ್ಕೆ ಕಾರಣವಿದೆ. ಪ್ರೋಟೀನು ಸಾಲದೆ ತೂಕ ಇಳಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ, ಅದು ವಿಂಡೋದಲ್ಲೂ ಅಷ್ಟೇ, ಎಣಿಸಿದರೂ ಅಷ್ಟೇ.

ಡಾಕ್ಟರು ಗ್ಲಿಮೆಪಿರೈಡ್ ಅನ್ನು ಅರ್ಧಕ್ಕೆ ಇಳಿಸಿದರು. ಮೊದಲ ತಿಂಗಳು ತೂಕ ಅಲ್ಲಾಡಲಿಲ್ಲ, ಶಾಂತಕ್ಕ ಬೇಸರಿಸಿಕೊಂಡರು. ನಾಲ್ಕು ತಿಂಗಳ ಕೊನೆಗೆ 65ಕ್ಕೆ ಬಂದಿದ್ದಾರೆ, ಸೊಂಟ ಐದು ಸೆಂಟಿಮೀಟರ್ ಇಳಿದಿದೆ. ಗಂಡನ ವೇಗ ಇಲ್ಲ. ಹಬ್ಬದ ವಾರದಲ್ಲಿ ಶೇಂಗಾ ಡಬ್ಬಿ ಕೆಳಗೆ ಇಳಿದಿತ್ತು ಎಂದು ಅವರೇ ಹೇಳಿದರು, ಈ ಸಲ ಪಟ್ಟಿಯಲ್ಲಿ ಬರೆದೂ ಇದ್ದರು.

ಕಳೆದ ಭೇಟಿಗೆ ಇಬ್ಬರೂ ಒಟ್ಟಿಗೆ ಬಂದರು. ಗಂಡ ಎರಡು ತಿಂಗಳಿಂದ 79ರಲ್ಲೇ ನಿಂತಿದ್ದಾರೆ. “ವಿಂಡೋ ಒಂದ್ ದಿನಾನೂ ತಪ್ಪಿಸಿಲ್ರಿ, ಮತ್ತ ಯಾಕ ಇಳಿವಲ್ದು?” ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಶಾಂತಕ್ಕ ಹೇಳಿದರು: “ಒಂದಕ್ಕ ತಾಟಿನ್ಯಾಗ ಎರಡು ರೊಟ್ಟಿ ಇದ್ದೂ, ಈಗ ನಾಲ್ಕ ಆಗ್ಯಾವ್ರಿ.” ಮುಂದಿನ ಸಲ ಬರುವಾಗ ಒಂದು ವಾರದ ರೊಟ್ಟಿ ಲೆಕ್ಕ ಬರೆದು ತರಲು ಅವರಿಗೆ ಹೇಳಿ ಕಳಿಸಿದೆ.