ಪಿತ್ತಕೋಶ ತೆಗೆದ ಮೇಲೆ ಎಣ್ಣೆ ಎಷ್ಟು, ಯಾವಾಗ?

"ಪುಣೆಯಲ್ಲಿದ್ದೇನೆ. ಪಿತ್ತಕೋಶ ತೆಗೆದು 12 ದಿನ ಆಯ್ತು. ನಿನ್ನೆ ಮಿಸಳ್ ತಿಂದೆ, ಆಮೇಲೆ ನಾಲ್ಕು ಸಲ ಭೇದಿ. ಇನ್ನು ಎಣ್ಣೆಯೇ ಮುಟ್ಟಬಾರದಾ?"

ಮುಟ್ಟಬಹುದು, ಆದರೆ ಮಿಸಳ್ ಮೇಲೆ ತೇಲುವ ಖಾರದ ಎಣ್ಣೆ, ಅಂದರೆ ತರ್ರಿ, ಈಗ ಬೇಡ. ಮೊದಲು ಪಿತ್ತರಸ ಕೋಶದಲ್ಲಿ ಕೂಡಿಟ್ಟಿದ್ದು, ಜಿಡ್ಡು ತಿಂದಾಗ ಒಟ್ಟಿಗೆ ಬರುತ್ತಿತ್ತು. ಈಗ ಅದು ಸ್ವಲ್ಪ ಸ್ವಲ್ಪವೇ ಕರುಳಿಗೆ ಇಳಿಯುತ್ತಿರುತ್ತದೆ. ಒಮ್ಮೆಲೇ ಜಾಸ್ತಿ ಜಿಡ್ಡು ಹೋದರೆ ಅರಗುವುದು ಕಷ್ಟ. ಹೆಚ್ಚಾದ ಪಿತ್ತರಸ ದೊಡ್ಡ ಕರುಳು ಸೇರಿದರೆ ಅಲ್ಲಿ ನೀರು ತುಂಬಿ ಭೇದಿಯಾಗುತ್ತದೆ.

ನನಗೆ ಆಪರೇಷನ್ ಆದಾಗ ಹೀಗೆ ಮಾಡಿದೆ. ಮೂರು ದಿನ ಮೆತ್ತಗಿನ ಅನ್ನ, ತೆಳು ತೊವ್ವೆ, ಕೆನೆ ತೆಗೆದ ಮಜ್ಜಿಗೆ, ಬಾಳೆಹಣ್ಣು. ಭೇದಿ ನಿಂತ ಮೇಲೆ ಮಧ್ಯಾಹ್ನದ ಊಟಕ್ಕೆ ಮಾತ್ರ ಅರ್ಧ ಚಮಚ ಎಣ್ಣೆಯ ಒಗ್ಗರಣೆ. ಎರಡು ಮೂರು ದಿನ ಹೊಟ್ಟೆ ಸರಿಯಿದ್ದರೆ ರಾತ್ರಿಗೂ ಅರ್ಧ ಚಮಚ. ಮತ್ತೆ ಸಡಿಲವಾದರೆ ಒಂದು ಹೆಜ್ಜೆ ಹಿಂದೆ. ಚಮಚದಲ್ಲೇ ಅಳೆಯಿರಿ, ಬಾಟಲಿಯಿಂದ ಸುಮ್ನೆ ಸುರಿದರೆ ಲೆಕ್ಕ ತಪ್ಪುತ್ತದೆ. ಊಟವನ್ನು ಐದಾರು ಸಣ್ಣ ಪಾಲು ಮಾಡಿಕೊಳ್ಳಿ.

ಓಟ್ಸ್ ಗಂಜಿ ನನಗೆ ತುಂಬಾ ಸಹಾಯವಾಯಿತು. ಅದರ ಕರಗುವ ನಾರು ಪಿತ್ತವನ್ನು ಹಿಡಿದಿಡುತ್ತದೆ. ಅದನ್ನೂ ನಿಧಾನವಾಗಿ ಹೆಚ್ಚಿಸಿ, ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಕಾಫಿ, ಖಾರ ಸದ್ಯಕ್ಕೆ ಕಡಿಮೆ ಇರಲಿ. ಭೇದಿಯಾದ ದಿನ ಓಆರ್‌ಎಸ್ ಕುಡಿಯಿರಿ.

ಕಣ್ಣು ಹಳದಿಯಾದರೆ, ಜ್ವರ ಬಂದರೆ, ಹೊಟ್ಟೆನೋವು ಜೋರಾದರೆ, ಮಲದಲ್ಲಿ ರಕ್ತ ಕಂಡರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ನಾಲ್ಕು ವಾರ ಕಳೆದರೂ ಭೇದಿ ನಿಲ್ಲದಿದ್ದರೆ ಅವರಿಗೆ ಹೇಳಲೇಬೇಕು. ಪಿತ್ತವನ್ನು ಹಿಡಿದಿಡುವ ಕೊಲೆಸ್ಟೈರಮೈನ್ ಎಂಬ ಪುಡಿ ಇದೆ, ಬೇಕೋ ಬೇಡವೋ ಅವರೇ ನೋಡುತ್ತಾರೆ.